ಒಂದೇ ಪ್ರಶ್ನೆ ಎಂಟು ವೇಷದಲ್ಲಿ ಬಂದರೆ ಎಷ್ಟು ಸಲ ಬಂದ ಹಾಗೆ?

ಪರೀಕ್ಷೆಗೆ ಮೂರು ವಾರ ಇರುವಾಗ ನನ್ನ ಕೋಣೆಗೆ ಬರುವ ಹುಡುಗರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. "ಸರ್, ಎಂಟು ಪೇಪರ್ ತೆಗೆದು ರಿಪೀಟೆಡ್ ಪ್ರಶ್ನೆ ಎಲ್ಲಾ ಹಾಕಿದೀನಿ, ಇಷ್ಟು ಓದಿದ್ರೆ ಸಾಕಲ್ವಾ?" ನಾನು ವಿಟಿಯು ಹುಡುಗರಿಗೆ ಆಪರೇಟಿಂಗ್ ಸಿಸ್ಟಮ್ಸ್ ಪಾಠ ಮಾಡುವವನು. ಈ ಪಟ್ಟಿಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮಾಡಿದವರ ಶ್ರಮಕ್ಕೆ ಕೊರತೆ ಇರುವುದಿಲ್ಲ, ಬಣ್ಣಬಣ್ಣದ ಹೈಲೈಟರ್ ಬೇರೆ. ಆದರೆ ಬಹುಪಾಲು ಪಟ್ಟಿಗಳಲ್ಲಿ ಮೇಲಿರಬೇಕಾದ್ದು ಕೆಳಗಿರುತ್ತದೆ, ಕೆಳಗಿರಬೇಕಾದ್ದು ಮೇಲಿರುತ್ತದೆ.

ಕಳೆದ ಸಲ ಒಬ್ಬ ಹುಡುಗಿ ತಂದ ಪಟ್ಟಿಯನ್ನೇ ತೆಗೆದುಕೊಳ್ಳಿ. ಪ್ರಶ್ನೆಗಳನ್ನು ಅಕ್ಷರಶಃ ಟೈಪ್ ಮಾಡಿ, ಒಂದೇ ಥರ ಇರುವ ಸಾಲುಗಳನ್ನು ಎಣಿಸಿದ್ದಳು. ಮೊದಲ ಸ್ಥಾನದಲ್ಲಿ "ಆಪರೇಟಿಂಗ್ ಸಿಸ್ಟಮ್ ಅಂದರೇನು, ಅದರ ಸೇವೆಗಳನ್ನು ವಿವರಿಸಿ" ಇತ್ತು. ಪೇಜ್ ರಿಪ್ಲೇಸ್‌ಮೆಂಟ್ ಎಲ್ಲಮ್ಮ ಅಂತ ಕೇಳಿದೆ. ಕೊನೆಯ ಪುಟ ತಿರುವಿ ತೋರಿಸಿದಳು. ಅಲ್ಲಿ ಏಳೆಂಟು ಸಾಲು, ಪ್ರತಿಯೊಂದರ ಮುಂದೂ "1 ಸಲ". ಯಾಕೆಂದರೆ ಒಂದರಲ್ಲಿ ರೆಫರೆನ್ಸ್ ಸ್ಟ್ರಿಂಗ್ 7 0 1 2 0 3 0 4 ಅಂತ ಶುರುವಾಗುತ್ತದೆ, ಇನ್ನೊಂದರಲ್ಲಿ 1 2 3 4 1 2 5 ಅಂತ. ಒಂದರಲ್ಲಿ ಮೂರು ಫ್ರೇಮ್, ಇನ್ನೊಂದರಲ್ಲಿ ನಾಲ್ಕು. ಅವಳ ಲೆಕ್ಕದಲ್ಲಿ ಅವೆಲ್ಲ ಬೇರೆ ಬೇರೆ ಪ್ರಶ್ನೆ.

ಇದೇ ನನಗೆ ತಲೆ ಕೆಡಿಸುವ ವಿಷಯ. ಹತ್ತು ಸಲ ಹೇಳಿದರೂ ಹನ್ನೊಂದನೇ ಸಲ ಇದೇ ತಪ್ಪು. ಆದ್ದರಿಂದ ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಥಿಯರಿ ಪ್ರಶ್ನೆಯ ಮಾತು ಪೇಪರಿನಿಂದ ಪೇಪರಿಗೆ ಹೆಚ್ಚು ಬದಲಾಗುವುದಿಲ್ಲ. ಲೆಕ್ಕದ ಪ್ರಶ್ನೆಯಲ್ಲಿ ಅಂಕಿ ಬದಲಾಗಲೇಬೇಕು, ಅದು ಅದರ ಗುಣವೇ. ಹಾಗಾಗಿ ವಾಕ್ಯ ನೋಡಿ ಎಣಿಸಿದರೆ ಥಿಯರಿ ಮೇಲೇರುತ್ತದೆ, ಲೆಕ್ಕ ತಳ ಸೇರುತ್ತದೆ. ಪರೀಕ್ಷೆಯಲ್ಲಿ ಯಾವುದು ಜಾಸ್ತಿ ಬರುತ್ತದೆ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೊದಲು ಹೇಳಿದ ಸ್ಟ್ರಿಂಗ್ ಪಠ್ಯಪುಸ್ತಕದ್ದೇ, ಇಪ್ಪತ್ತು ಅಂಕಿಯದ್ದು. ಮೂರು ಫ್ರೇಮ್ ಇಟ್ಟರೆ ಫೀಫೋದಲ್ಲಿ 15 ಪೇಜ್ ಫಾಲ್ಟ್, ಎಲ್‌ಆರ್‌ಯುನಲ್ಲಿ 12, ಆಪ್ಟಿಮಲ್‌ನಲ್ಲಿ 9. ಈ ಮೂರು ಉತ್ತರ ಕೈಯಿಂದ ಬರೆದು ತೆಗೆಯಬಲ್ಲವರಿಗೆ ಬೇರೆ ಸ್ಟ್ರಿಂಗ್ ಕೊಟ್ಟರೆ ಏನು ಕಷ್ಟ? ಕೆಲಸ ಅದೇ. ಅಂದ ಮೇಲೆ ಪ್ರಶ್ನೆಯೂ ಅದೇ.

ಎರಡು ಪ್ರಶ್ನೆ ಒಂದೇನಾ ಅಂತ ನೋಡಲು ನಾನು ಹೇಳಿಕೊಡುವ ಒರೆಗಲ್ಲು ಇಷ್ಟೇ: ಒಂದಕ್ಕೆ ತಯಾರಾದವರು ಇನ್ನೊಂದನ್ನು ಹೊಸದಾಗಿ ಏನೂ ಓದದೆ ಬರೆಯಬಹುದಾ? ಬರೆಯಬಹುದು ಅಂದರೆ ಎರಡಕ್ಕೂ ಒಂದೇ ಹೆಸರಿಡಿ. ಬೆಲಾಡಿ ಅನಾಮಲಿ ವಿವರಿಸಿ ಅಂದರೆ? ಅದಕ್ಕೆ ಬೇರೆ ಎರಡು ಮಾತು ಓದಬೇಕು, ಬೇರೆ ಹೆಸರಿಡಿ.

ಹಾಗಂತ ಇನ್ನೊಂದು ತುದಿಗೆ ಓಡಬೇಡಿ. "ಡೆಡ್‌ಲಾಕ್" ಅಂತ ಒಂದೇ ಹೆಸರಿಟ್ಟು ಎಲ್ಲವನ್ನೂ ಅದರೊಳಗೆ ತುರುಕಿದರೆ ಎಂಟಕ್ಕೆ ಎಂಟು ಪೇಪರಿನಲ್ಲೂ ಬಂದಿದೆ ಅಂತ ತೋರಿಸುತ್ತದೆ. ಅದರಿಂದ ತಿಳಿಯುವುದೇನು? ಆ ಪಾಠ ಸಿಲಬಸ್‌ನಲ್ಲಿದೆ ಅಂತ ತಾನೆ! ಡೆಡ್‌ಲಾಕ್ ಆಗಲು ಬೇಕಾದ ನಾಲ್ಕು ಷರತ್ತು ಒಂದು ಹೆಸರು, ರಿಸೋರ್ಸ್ ಅಲೊಕೇಶನ್ ಗ್ರಾಫ್ ಒಂದು, ಬ್ಯಾಂಕರ್ಸ್ ಆಲ್ಗರಿದಮ್ ಒಂದು, ರಿಕವರಿ ಒಂದು. ಒಂದು ಸಂಜೆ ಕೂತರೆ ಮುಗಿಯುವಷ್ಟು ಅಗಲ ಸಾಕು.

ಇನ್ನು ಅಂಕ. ಒಂದೇ ಹೆಸರಿನ ಕೆಳಗೆ ಯಾವ ಯಾವ ಅಂಕಕ್ಕೆ ಕೇಳಿದ್ದಾರೆ ಅಂತ ಬರೆದಿಡಬೇಕು. ಬ್ಯಾಂಕರ್ಸ್ ಲೆಕ್ಕಕ್ಕೆ ಮೂರು ತುಂಡು ಇವೆ. ನೀಡ್ ಮ್ಯಾಟ್ರಿಕ್ಸ್ ಕಂಡುಹಿಡಿಯುವುದು, ಸೇಫ್ ಸೀಕ್ವೆನ್ಸ್ ತೋರಿಸುವುದು, ಆಮೇಲೆ ಯಾವುದೋ ಪ್ರೊಸೆಸ್ ಇನ್ನಷ್ಟು ಕೇಳಿದರೆ ಕೊಡಬಹುದಾ ಅಂತ ನೋಡುವುದು. ಕಡಿಮೆ ಅಂಕಕ್ಕೆ ಮೊದಲೆರಡು ಬಂದರೆ, ಜಾಸ್ತಿ ಅಂಕಕ್ಕೆ ಮೂರೂ ಬರುತ್ತವೆ. ತಯಾರಿ ದೊಡ್ಡದಕ್ಕೇ ಮಾಡಬೇಕು. ಆದರೆ ಚಿಕ್ಕದು ಬಂದಾಗ ಎಲ್ಲಿ ನಿಲ್ಲಿಸಬೇಕು ಅನ್ನುವುದು ಈ ಪಟ್ಟಿಯಿಂದ ಗೊತ್ತಾಗುತ್ತದೆ. ನಾಲ್ಕು ಅಂಕದ ನಾಲ್ಕು ಷರತ್ತಿಗೆ ನಾಲ್ಕು ಪುಟ ಬರೆದು, ಕೊನೆಯ ಮಾಡ್ಯೂಲಿಗೆ ಟೈಮ್ ಸಾಲದೆ ಕಣ್ಣಲ್ಲಿ ನೀರು ಹಾಕಿಕೊಂಡು ಬಂದ ಹುಡುಗನೊಬ್ಬ ನನಗಿನ್ನೂ ನೆನಪಿದ್ದಾನೆ. ಪಾಪ, ಬುದ್ಧಿವಂತ. ಎಲ್ಲಾ ಬರುತ್ತಿತ್ತು.

ಹಳೆಯ ಪೇಪರ್ ಸೇರಿಸುವವರು ಇನ್ನೊಂದನ್ನು ಗಮನಿಸಬೇಕು. 2015ರ ಸ್ಕೀಮಿನ 15CS64 ಪೇಪರ್ 80 ಅಂಕಕ್ಕೆ, ಒಂದು ಪೂರ್ಣ ಪ್ರಶ್ನೆಗೆ 16. ಆಮೇಲಿನ 18CS43, ಈಗಿನ BCS303 ಎಲ್ಲ 100 ಅಂಕಕ್ಕೆ, ಪೂರ್ಣ ಪ್ರಶ್ನೆಗೆ 20. ಅಲ್ಲಿನ 8 ಅಂದರೆ ಇಲ್ಲಿನ 10. ಪರಿವರ್ತಿಸದೆ ಅಂಕದ ಪ್ರಕಾರ ಜೋಡಿಸಿದರೆ ಹಳೆಯ ಪ್ರಶ್ನೆಗಳೆಲ್ಲ ಸುಮ್ನೆ ಕೆಳಗೆ ಜಾರುತ್ತವೆ.

ಈಗ ಎಣಿಕೆ. ನೀವು ಎಣಿಸಬೇಕಾದ್ದು ಎಷ್ಟು ಪೇಪರಿನಲ್ಲಿ ಬಂತು ಅಂತ. ಎಷ್ಟು ಸಾಲಿನಲ್ಲಿ ಬಂತು ಅಂತ ಅಲ್ಲ. ಒಂದೇ ಮಾಡ್ಯೂಲಿನ ಎರಡು ಪೂರ್ಣ ಪ್ರಶ್ನೆಗಳಲ್ಲೂ ಒಂದೇ ಹೆಸರು ಕಾಣಿಸಿಕೊಂಡರೂ ಅದು ಒಂದೇ ಪೇಪರ್. ಡಿಸೆಂಬರ್ 2019/ಜನವರಿ 2020 ಅಂತ ತಲೆಬರಹ ಇದ್ದರೆ ಅದು ಎರಡು ಪೇಪರ್ ಅಲ್ಲ, ಒಂದು. ನಗಬೇಡಿ, ಎರಡೆಂದು ಎಣಿಸಿದವರಿದ್ದಾರೆ. ಹೊಸ ಸ್ಕೀಮ್ ಬಂದಾಗ ಕೊಡುವ ಮಾಡೆಲ್ ಪೇಪರನ್ನು ಬೇರೆ ಗುರುತು ಹಾಕಿ ಇಡಿ, ಎಣಿಕೆಗೆ ಸೇರಿಸಬೇಡಿ. ಗೂಗಲ್ ಶೀಟ್ಸ್ ಬಳಸುವವರು ಬಿ ಕಾಲಮಿನಲ್ಲಿ ಪೇಪರಿನ ಹೆಸರು, ಇ ಕಾಲಮಿನಲ್ಲಿ ವಿಷಯದ ಹೆಸರು ಇಟ್ಟುಕೊಂಡರೆ ಈ ಒಂದು ಸಾಲು ಸಾಕು:

```
=COUNTA(UNIQUE(FILTER(B2:B400, E2:E400="Page Replacement")))
```

ಇದರಲ್ಲಿ ಒಂದು ಗುಂಡಿ ಇದೆ. ಹೆಸರಿನ ಸ್ಪೆಲಿಂಗ್ ತಪ್ಪಿದ್ದು ಏನೂ ಸಿಗದಿದ್ದರೆ ಉತ್ತರ 0 ಬರುವುದಿಲ್ಲ, 1 ಬರುತ್ತದೆ. ಏನೂ ಸಿಗದಾಗ ಬರುವ ಎರರ್ ಅನ್ನೇ ಅದು ಒಂದು ಎಂದು ಎಣಿಸುತ್ತದೆ. ಆದ್ದರಿಂದ 1 ಕಂಡ ಕಡೆಯೆಲ್ಲ ಒಮ್ಮೆ ಕಣ್ಣಿನಿಂದ ನೋಡಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ಎಡವುವ ಜಾಗ ಇನ್ನೊಂದಿದೆ. ಈಗಿನ ಪೇಪರಿನಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದು ಬರೆಯಬೇಕು. ಇದು ಹುಡುಗರಿಗೆ ಬಾಯಿಪಾಠ. ಆದರೆ ಪಟ್ಟಿ ಮಾಡುವಾಗ ಮಾತ್ರ ಮರೆತುಬಿಡುತ್ತಾರೆ. ಏಳನೇ ಪ್ರಶ್ನೆಯಲ್ಲಿ ಅರ್ಧ, ಎಂಟನೆಯದರಲ್ಲಿ ಅರ್ಧ ಬರೆದು ಕೂಡಿಸಿಕೊಳ್ಳಲು ಆಗುವುದಿಲ್ಲವಲ್ಲ!

18CS43ರ ನಾಲ್ಕನೇ ಮಾಡ್ಯೂಲ್ ನೋಡೋಣ. ಅದರಲ್ಲಿ ವರ್ಚುವಲ್ ಮೆಮೊರಿ ಮತ್ತು ಫೈಲ್ ಸಿಸ್ಟಮ್ ಎರಡೂ ಇವೆ. ಲೆಕ್ಕ ಸುಲಭವಾಗಲಿ ಅಂತ ಮೂರು ಪೇಪರನ್ನು ನಾನೇ ಕಲ್ಪಿಸಿಕೊಂಡು ಹೇಳುತ್ತೇನೆ, ಪ್ರತಿ ಪ್ರಶ್ನೆಗೂ ಹತ್ತು ಅಂಕ. ಮೊದಲನೆಯದರಲ್ಲೂ ಮೂರನೆಯದರಲ್ಲೂ ಏಳನೇ ಪ್ರಶ್ನೆ ಡಿಮ್ಯಾಂಡ್ ಪೇಜಿಂಗ್ ಮತ್ತು ಪೇಜ್ ರಿಪ್ಲೇಸ್‌ಮೆಂಟ್, ಎಂಟನೆಯದು ಫೈಲ್ ಅಲೊಕೇಶನ್ ಮತ್ತು ಡೈರೆಕ್ಟರಿ. ಎರಡನೆಯದರಲ್ಲಿ ಮಾತ್ರ ಕಲಸಿದ್ದಾರೆ: ಏಳು ಪೇಜ್ ರಿಪ್ಲೇಸ್‌ಮೆಂಟ್ ಮತ್ತು ಡೈರೆಕ್ಟರಿ, ಎಂಟು ಡಿಮ್ಯಾಂಡ್ ಪೇಜಿಂಗ್ ಮತ್ತು ಅಲೊಕೇಶನ್. ನಾಲ್ಕೂ ವಿಷಯ ಮೂರಕ್ಕೆ ಮೂರು ಪೇಪರಿನಲ್ಲಿ ಬಂದಿವೆ. ಪಟ್ಟಿಯಲ್ಲಿ ನಾಲ್ಕೂ ಒಂದೇ ಸಮ.

ಟೈಮಿಲ್ಲ, ಎರಡೇ ಓದುತ್ತೇನೆ ಅನ್ನುವ ಹುಡುಗ ಪೇಜ್ ರಿಪ್ಲೇಸ್‌ಮೆಂಟ್ ಮತ್ತು ಫೈಲ್ ಅಲೊಕೇಶನ್ ಆರಿಸಿಕೊಂಡ ಅಂದುಕೊಳ್ಳಿ. ಮೊದಲ ಪೇಪರಿನಲ್ಲಿ ಒಂದು ಏಳರಲ್ಲಿದೆ, ಇನ್ನೊಂದು ಎಂಟರಲ್ಲಿದೆ. ಸಿಗುವುದು ಹತ್ತೇ. ಎರಡನೆಯದರಲ್ಲೂ ಹತ್ತು, ಮೂರನೆಯದರಲ್ಲೂ ಹತ್ತು. ಅರವತ್ತಕ್ಕೆ ಮೂವತ್ತು. ಅವನ ಪಕ್ಕದ ಹುಡುಗಿ ಪೇಜ್ ರಿಪ್ಲೇಸ್‌ಮೆಂಟ್ ಜೊತೆ ಡಿಮ್ಯಾಂಡ್ ಪೇಜಿಂಗ್ ಓದಿದಳು. ಅವಳಿಗೆ ಇಪ್ಪತ್ತು, ಹತ್ತು, ಇಪ್ಪತ್ತು. ಅರವತ್ತಕ್ಕೆ ಐವತ್ತು. ಇಬ್ಬರೂ ಓದಿದ್ದು ಎರಡೆರಡೇ ವಿಷಯ, ಇಬ್ಬರ ಪಟ್ಟಿಯೂ ಒಂದೇ.

ಹಾಗಾಗಿ ಪ್ರಶ್ನೆಯ ಸಂಖ್ಯೆಗೆ ಒಂದು ಕಾಲಮ್ ಬೇಕೇ ಬೇಕು. "7ಬಿ" ಅಂತ ಬರೆದಿಟ್ಟರೆ ಆಮೇಲೆ ಯಾವುದು ಯಾವುದರ ಜೊತೆ ಬರುತ್ತದೆ ಅಂತ ನೋಡಬಹುದು. ಪ್ರಶ್ನೆ ಟೈಪ್ ಮಾಡುವ ಹುಮ್ಮಸ್ಸಿನಲ್ಲಿ ಎಲ್ಲರೂ ಬಿಟ್ಟುಬಿಡುವ ಕಾಲಮ್ ಇದೇ. ಮತ್ತೆ ಎಂಟು ಪೇಪರ್ ತೆರೆದು ತುಂಬುವಾಗ ನನ್ನನ್ನು ಬೈದುಕೊಳ್ಳುತ್ತಾರೆ.

ಈ ಜೋಡಿಯ ಲೆಕ್ಕ ಸ್ಕೀಮ್ ದಾಟಿ ಬರುವುದಿಲ್ಲ. 18CS43ರಲ್ಲಿ ಡೆಡ್‌ಲಾಕ್ ಇದ್ದದ್ದು ಮೆಮೊರಿ ಮ್ಯಾನೇಜ್‌ಮೆಂಟ್ ಜೊತೆ. BCS303ರಲ್ಲಿ ಅದು ಪ್ರೊಸೆಸ್ ಸಿಂಕ್ರೊನೈಜೇಶನ್ ಜೊತೆ ಕೂತಿದೆ. ಇನ್ನೂ ಹಿಂದಿನ 10CS53ರಲ್ಲಂತೂ ಮಾಡ್ಯೂಲೇ ಇರಲಿಲ್ಲ. ಎರಡು ಭಾಗ, ಎಂಟು ಪ್ರಶ್ನೆ, ಒಂದೊಂದು ಭಾಗದಿಂದ ಕನಿಷ್ಠ ಎರಡರಂತೆ ಐದು ಬರೆಯುವುದು. ಆ ಪೇಪರುಗಳಿಂದ ಲೆಕ್ಕದ ಮಾದರಿ ತೆಗೆದುಕೊಳ್ಳಿ, ಅಭ್ಯಾಸಕ್ಕೆ ಚೆನ್ನಾಗಿವೆ. ಜೋಡಿ ಮಾತ್ರ ನಿಮ್ಮ ಸ್ಕೀಮಿನ ಪೇಪರಿನಿಂದಲೇ ನೋಡಬೇಕು. ನಿಮ್ಮ ಸ್ಕೀಮಿನಲ್ಲಿ ಮೂರೇ ಪೇಪರ್ ಆಗಿದ್ದರೆ ಆ ಮೂರನ್ನೇ ನೋಡಿ, ಅದನ್ನು ಜಾಸ್ತಿ ನಂಬಬೇಡಿ. ಎಂಟರಲ್ಲಿ ಐದು ಸಲ ಬಂದದ್ದಕ್ಕೂ ನಾಲ್ಕು ಸಲ ಬಂದದ್ದಕ್ಕೂ ನಾನಂತೂ ವ್ಯತ್ಯಾಸ ಮಾಡುವುದಿಲ್ಲ. ಏಳು ಸಲ ಬಂದದ್ದಕ್ಕೂ ಒಂದು ಸಲ ಬಂದದ್ದಕ್ಕೂ ಮಾಡುತ್ತೇನೆ.

ಆ ಹುಡುಗಿ ನಾಲ್ಕು ದಿನ ಬಿಟ್ಟು ಮತ್ತೆ ಬಂದಳು. ಹನ್ನೆರಡು ಪುಟ ಇದ್ದ ಪಟ್ಟಿ ಎರಡು ಪುಟಕ್ಕೆ ಇಳಿದಿತ್ತು. ಪೇಜ್ ರಿಪ್ಲೇಸ್‌ಮೆಂಟ್ ಅದರ ಮಾಡ್ಯೂಲಿನ ತಲೆಯ ಮೇಲೆ ಕೂತಿತ್ತು. ಬ್ಯಾಂಕರ್ಸ್ ಮುಂದೆ ಮಾತ್ರ 1 ಅಂತ ಇತ್ತು. ಏನಮ್ಮ ಇದು ಅಂದೆ. ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಸರ್, ಎಸ್ ಬಿಟ್ಟುಹೋಗಿದೆ."