ಐದು ಊರು, ನಾಲ್ಕು ಕೇಬಲ್

1920ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಮೊರೇವಿಯಾ ಪ್ರಾಂತ್ಯದ ಊರುಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸ ನಡೆದಿತ್ತು. ಎಲ್ಲ ಊರುಗಳಿಗೂ ಸಂಪರ್ಕ ಸಿಗಬೇಕು, ತಂತಿಯ ಒಟ್ಟು ಉದ್ದ ಮಾತ್ರ ಆದಷ್ಟು ಕಡಿಮೆಯಾಗಬೇಕು. ಈ ಪ್ರಶ್ನೆಗೆ ಗಣಿತಜ್ಞ ಒಟಕಾರ್ ಬೊರೂವ್ಕಾ 1926ರಲ್ಲಿ ಉತ್ತರ ಪ್ರಕಟಿಸಿದರು. ಅದನ್ನು ಓದಿದ್ದ ಅಮೆರಿಕದ ಜೋಸೆಫ್ ಕ್ರಸ್ಕಲ್ 1956ರಲ್ಲಿ ಇನ್ನೂ ಸರಳವಾದ ದಾರಿ ತೋರಿಸಿದರು: ಅತಿ ಚಿಕ್ಕ ಸಂಪರ್ಕದಿಂದ ಆರಂಭಿಸಿ ಒಂದೊಂದಾಗಿ ಆರಿಸುತ್ತಾ ಹೋಗಿ, ಸುತ್ತು ಏರ್ಪಡುವಂತಿದ್ದರೆ ಅದನ್ನು ಬಿಟ್ಟುಬಿಡಿ.

ಕ, ಚ, ಟ, ತ, ಪ ಎಂಬ ಐದು ಊರುಗಳಿವೆ ಎಂದುಕೊಳ್ಳೋಣ. ಕೇಬಲ್ ಹಾಕಬಹುದಾದ ದಾರಿಗಳು ಕಿಲೋಮೀಟರ್ ಲೆಕ್ಕದಲ್ಲಿ ಹೀಗಿವೆ: ಕ-ಚ 2, ಟ-ತ 3, ಕ-ಟ 4, ಚ-ಟ 5, ತ-ಪ 6, ಚ-ತ 7, ಟ-ಪ 8. ಮೊದಲ ಮೂರನ್ನು ಯೋಚಿಸದೆ ತೆಗೆದುಕೊಳ್ಳಬಹುದು. ನಾಲ್ಕನೆಯದಾದ ಚ-ಟ ಬಂದಾಗ ತಡೆಯಬೇಕು. ಕ ಊರಿನ ಮೂಲಕ ಆ ಎರಡೂ ಆಗಲೇ ಸೇರಿವೆ. ಅದನ್ನು ಬಿಟ್ಟು ತ-ಪ ತೆಗೆದುಕೊಂಡರೆ ಕೆಲಸ ಮುಗಿಯಿತು. ಒಟ್ಟು 15 ಕಿ.ಮೀ.

ಹೀಗೆ ಎದುರಿಗೆ ಸಿಕ್ಕಿದ ಅಗ್ಗದ್ದನ್ನು ಬಾಚಿಕೊಳ್ಳುವುದು ಮುಂದೆ ದುಬಾರಿಯಾಗದೆ? ಇಲ್ಲಿ ಆಗುವುದಿಲ್ಲ. ಬೇರೆಬೇರೆಯಾಗಿರುವ ಎರಡು ಗುಂಪುಗಳನ್ನು ಬೆಸೆಯುವ ದಾರಿಯನ್ನು ಆರಿಸುವಾಗ, ಆ ಗುಂಪುಗಳಿಂದ ಹೊರಹೋಗುವ ಉಳಿದ ದಾರಿಗಳೆಲ್ಲ ಅಷ್ಟೇ ಉದ್ದ ಅಥವಾ ಹೆಚ್ಚು ಉದ್ದದವು. ಅದಕ್ಕಿಂತ ಚಿಕ್ಕದು ಇದ್ದಿದ್ದರೆ ಪಟ್ಟಿಯಲ್ಲಿ ಮೊದಲೇ ಬಂದು ಹೋಗಿರುತ್ತಿತ್ತು.

ಐದು ಊರಿನ ನಕ್ಷೆಯಲ್ಲಿ ಸುತ್ತು ಕಣ್ಣಿಗೇ ಕಾಣುತ್ತದೆ. ಐವತ್ತು ಸಾವಿರ ಊರುಗಳಿದ್ದರೆ? ಪ್ರತಿ ಸಲವೂ ಕೇಬಲ್ ಹಿಡಿದು ನಡೆದು ನೋಡುವುದು ಆಗದ ಮಾತು. ಇದಕ್ಕೆ ಒದಗಿದ್ದು 1964ರಲ್ಲಿ ಬರ್ನಾರ್ಡ್ ಗ್ಯಾಲರ್ ಮತ್ತು ಮೈಕೆಲ್ ಫಿಷರ್ ಪ್ರಕಟಿಸಿದ ಉಪಾಯ, ಈಗಿನ ಹೆಸರಿನಲ್ಲಿ ಯೂನಿಯನ್-ಫೈಂಡ್. ಪ್ರತಿ ಗುಂಪಿಗೂ ಒಬ್ಬ ಯಜಮಾನ. ಪ್ರತಿ ಊರೂ ತನ್ನ ಮೇಲಿನವರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಚ ತನ್ನ ಮೇಲೆ ಕ ಇದೆ ಎನ್ನುತ್ತದೆ, ಟ ಸಹ ಕ ಎನ್ನುತ್ತದೆ. ಯಜಮಾನ ಒಬ್ಬನೇ, ಹಾಗಾಗಿ ಚ-ಟ ಬೇಡ. ತ-ಪ ಬಂದಾಗ ತ ಊರು ಟ ಕಡೆಗೆ, ಟ ಊರು ಕ ಕಡೆಗೆ ಕೈ ತೋರಿಸುತ್ತದೆ. ಪ ತನಗೆ ತಾನೇ ಯಜಮಾನ, ಆದ್ದರಿಂದ ಚಿಕ್ಕ ಗುಂಪಾದ ಪ ಊರನ್ನು ಕ ಕೆಳಗೆ ಸೇರಿಸುತ್ತೇವೆ. ಹಾಗೆಯೇ ತ ಇನ್ನು ಮುಂದೆ ನೇರವಾಗಿ ಕ ಕಡೆಗೇ ಕೈ ತೋರಿಸುವಂತೆ ತಿದ್ದಿಬಿಟ್ಟರೆ ಮುಂದಿನ ಹುಡುಕಾಟ ಒಂದೇ ಹೆಜ್ಜೆ. ಈ ಎರಡು ಜಾಣ್ಮೆಗಳು ಸೇರಿದರೆ ಪ್ರತಿ ಹುಡುಕಾಟಕ್ಕೆ ಸರಾಸರಿ ಬೀಳುವ ವೆಚ್ಚ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ ಎಂದು 1975ರಲ್ಲಿ ರಾಬರ್ಟ್ ಟಾರ್ಜನ್ ಸಾಧಿಸಿದರು. ಈಗ ಹೆಚ್ಚು ಸಮಯ ಹಿಡಿಯುವುದು ದಾರಿಗಳನ್ನು ಉದ್ದದ ಕ್ರಮದಲ್ಲಿ ಜೋಡಿಸುವ ಕೆಲಸಕ್ಕೆ.

ಹೊಸಬರು ಎಡವುವುದು ಸೇರಿಸುವ ಹಂತದಲ್ಲಿ. ಯಜಮಾನರನ್ನು ಸೇರಿಸುವ ಬದಲು ಊರನ್ನೇ ಸೇರಿಸಿ, ತ ಮೇಲೆ ಪ ಎಂದು ಬರೆದುಬಿಟ್ಟರೆ ತ ತನ್ನ ಹಳೆಯ ಗುಂಪಿನಿಂದ ಕಳಚಿಕೊಳ್ಳುತ್ತದೆ. ಆಗ 7 ಕಿ.ಮೀ.ನ ಚ-ತ ಸಹ ಹೊಸ ಸಂಪರ್ಕದಂತೆ ಕಂಡು ಒಳಗೆ ಬರುತ್ತದೆ. ಗುರುತು ಸುಲಭ: ಐದು ಊರಿಗೆ ನಾಲ್ಕೇ ಕೇಬಲ್ ಇರಬೇಕು, ಐದನೆಯದು ಕಂಡರೆ ತಪ್ಪಾಗಿದೆ.

ಈ 15 ಕಿ.ಮೀ. ಜಾಲದಲ್ಲಿ ರಸ್ತೆ ಅಗೆಯುವವರು ಕ-ಟ ಕೇಬಲ್ ಕಡಿದರೆ ಕ ಮತ್ತು ಚ ಒಂದು ಕಡೆ, ಉಳಿದ ಮೂರು ಊರು ಇನ್ನೊಂದು ಕಡೆ. ನಾವು ಬಿಟ್ಟಿದ್ದ 5 ಕಿ.ಮೀ.ನ ಚ-ಟ ಹಾಕಿಕೊಂಡಿದ್ದರೆ ಈ ಪೆಟ್ಟು ತಾಗುತ್ತಿರಲಿಲ್ಲ. ಆದರೆ ತ-ಪ ಕಡಿದರೆ ಆಗಲೂ ಪ ಊರು ಕತ್ತಲೆಯಲ್ಲೇ ಉಳಿಯುತ್ತದೆ. ಅದಕ್ಕೆ ಟ-ಪ ದಾರಿಯ 8 ಕಿ.ಮೀ. ಬೇರೆಯೇ ಬೇಕು.