‘99% ಶುದ್ಧ’ ಎಂದು ಬರೆದಿದ್ದರೆ ಒಳಗೇನಿದೆ ಎಂಬುದು ಗೊತ್ತಾದಂತೆಯೇ?

ಓದುಗರ ಪ್ರಶ್ನೆ: “ಬಾತ್ ಸಾಲ್ಟ್ ಹೆಸರಿನ ಪೊಟ್ಟಣಗಳಲ್ಲಿ ಏನಿರುತ್ತದೆ ಎಂದು ಹೇಳಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ರಿಸರ್ಚ್ ಕೆಮಿಕಲ್ ಮಾರುವವರು ರಾಸಾಯನಿಕದ ಪೂರ್ಣ ಹೆಸರು, ಅಣುಸೂತ್ರ, 99% ಶುದ್ಧತೆಯ ಪ್ರಮಾಣಪತ್ರ ಎಲ್ಲವನ್ನೂ ಕೊಡುತ್ತಾರೆ. ಅದನ್ನಾದರೂ ನಂಬಬಹುದಲ್ಲವೇ?”

ನಂಬಲಾಗದು. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟೋ ಬಾರಿ ಬಂದಿದೆ, ಪ್ರತಿ ಬಾರಿಯೂ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಿದ್ದೇನೆ. ಆ ಎರಡು ಸಾಲು ಯಾರಿಗೂ ಸಾಲಲಿಲ್ಲ ಎಂಬುದು ಈಗ ಸ್ಪಷ್ಟವಾಗಿರುವುದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಬಾತ್ ಸಾಲ್ಟ್ ಮತ್ತು ರಿಸರ್ಚ್ ಕೆಮಿಕಲ್ ಎಂಬುವು ಎರಡು ಬಗೆಯ ಸರಕುಗಳಲ್ಲ, ಮಾದಕ ವಸ್ತುಗಳ ಒಂದೇ ವ್ಯಾಪಾರದ ಎರಡು ವೇಷಗಳು. ಸ್ನಾನದ ನೀರಿಗೆ ಹಾಕುವ ಉಪ್ಪಿಗೂ ಮೊದಲನೆಯದಕ್ಕೂ ಸಂಬಂಧವಿಲ್ಲ. ಯಾವ ಸಂಶೋಧನಾಲಯಕ್ಕೂ ಎರಡನೆಯದಕ್ಕೂ ಸಂಬಂಧವಿಲ್ಲ. ಎರಡರ ಮೇಲೂ ‘ಮಾನವ ಸೇವನೆಗಲ್ಲ’ ಎಂಬ ಒಂದೇ ಸಾಲು ಇರುತ್ತದೆ. ಆಹಾರಕ್ಕೂ ಔಷಧಕ್ಕೂ ಅನ್ವಯಿಸುವ ಕಾನೂನುಗಳಿಂದ ನುಣುಚಿಕೊಳ್ಳುವುದಷ್ಟೇ ಆ ಸಾಲಿನ ಉದ್ದೇಶ. ಬಾತ್ ಸಾಲ್ಟ್ ಎಂದು ಮಾರಾಟವಾದ ಪುಡಿಗಳಲ್ಲಿ ಹೆಚ್ಚಾಗಿ ಕಂಡುಬಂದಿರುವುದು ಕೃತಕ ಕ್ಯಾಥಿನೋನ್‌ಗಳು, ಅಂದರೆ ಖಾತ್ ಎಂಬ ಗಿಡದ ಎಲೆಯಲ್ಲಿರುವ ಉತ್ತೇಜಕದ ಅಣುವನ್ನು ಅಲ್ಲಲ್ಲಿ ಬದಲಿಸಿ ತಯಾರಿಸಿದ ವಸ್ತುಗಳು. ಮೆಫೆಡ್ರೋನ್, ಮೀಥೈಲೋನ್, ಎಂಡಿಪಿವಿ ಇವುಗಳಲ್ಲಿ ಹೆಸರಾದವು.

ಇನ್ನು 99% ಎಂಬ ಅಂಕಿಯ ವಿಚಾರ. ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಇದೇ ಆದ್ದರಿಂದ ಇದನ್ನು ಬೇರುಸಹಿತ ನೋಡೋಣ. ಶುದ್ಧತೆ ಮತ್ತು ಗುರುತು ಎರಡು ಬೇರೆ ಪ್ರಶ್ನೆಗಳು. ‘ಈ ಪುಡಿಯಲ್ಲಿ ಮುಖ್ಯ ವಸ್ತುವಿನ ಪಾಲು ಎಷ್ಟು’ ಎಂಬುದು ಶುದ್ಧತೆ; ‘ಆ ಮುಖ್ಯ ವಸ್ತು ಯಾವುದು’ ಎಂಬುದು ಗುರುತು. ತಪ್ಪು ಹೆಸರು ಅಂಟಿಸಿದ ಡಬ್ಬಿಯಲ್ಲಿರುವ ಪುಡಿಯೂ 99% ಶುದ್ಧವಾಗಿರಲು ಯಾವ ಅಡ್ಡಿಯೂ ಇಲ್ಲ. ಸಾಮಾನ್ಯವಾಗಿ ಈ ಅಂಕಿ ಬರುವುದು ಕ್ರೊಮಾಟೊಗ್ರಫಿ ಎಂಬ ಬೇರ್ಪಡಿಸುವ ವಿಧಾನದಿಂದ. ಯಂತ್ರ ಬಿಡಿಸುವ ನಕ್ಷೆಯಲ್ಲಿ ಪ್ರತಿ ವಸ್ತುವಿಗೂ ಒಂದು ಶಿಖರ ಮೂಡುತ್ತದೆ. ಒಟ್ಟು ಶಿಖರಗಳ ವಿಸ್ತೀರ್ಣದಲ್ಲಿ ದೊಡ್ಡ ಶಿಖರದ ಪಾಲು ಎಷ್ಟಿದೆಯೋ ಅದನ್ನೇ ಶುದ್ಧತೆ ಎಂದು ಬರೆಯುತ್ತಾರೆ. ಯಂತ್ರದ ಶೋಧಕಕ್ಕೆ ಕಾಣದ ವಸ್ತುಗಳು, ಉದಾಹರಣೆಗೆ ನಿರವಯವ ಲವಣಗಳು ಮತ್ತು ಲೋಹದ ಅಂಶಗಳು, ಈ ಲೆಕ್ಕಕ್ಕೆ ಬರುವುದೇ ಇಲ್ಲ. ಇದು ಬರಿಯ ಪಾಂಡಿತ್ಯದ ತಕರಾರಲ್ಲ. ಪೂರ್ವ ಯುರೋಪಿನಲ್ಲಿ ಮನೆಯಲ್ಲೇ ತಯಾರಿಸಿದ ಮೆಥ್‌ಕ್ಯಾಥಿನೋನ್ ಅನ್ನು ಚುಚ್ಚಿಕೊಂಡವರಲ್ಲಿ ಪಾರ್ಕಿನ್ಸನ್ ರೋಗವನ್ನು ಹೋಲುವ ನಡಿಗೆಯ ಮತ್ತು ಮಾತಿನ ತೊಂದರೆ ಶಾಶ್ವತವಾಗಿ ಉಳಿಯಿತು. ಅದಕ್ಕೆ ಕಾರಣವಾದದ್ದು ಮಾದಕ ವಸ್ತುವಲ್ಲ, ತಯಾರಿಕೆಯಿಂದ ಉಳಿದಿದ್ದ ಮ್ಯಾಂಗನೀಸ್.

ಗುರುತು ಹಚ್ಚುವುದು ಇದಕ್ಕಿಂತ ಕಷ್ಟದ ಕೆಲಸ. ಮೆಫೆಡ್ರೋನ್‌ನ ಇನ್ನೊಂದು ಹೆಸರು 4-ಎಂಎಂಸಿ. ಅದರ ಒಂದು ಮೀಥೈಲ್ ಗುಂಪು ಬೆಂಜೀನ್ ಉಂಗುರದ ಮೇಲೆ ಒಂದು ಸ್ಥಾನ ಆಚೆ ಕೂತರೆ ಅದು 3-ಎಂಎಂಸಿ ಆಗುತ್ತದೆ. ಎರಡರ ಅಣುಸೂತ್ರ ಒಂದೇ, ತೂಕ ಒಂದೇ, ಹೊರನೋಟಕ್ಕೆ ಎರಡೂ ಬಿಳಿಯ ಪುಡಿ. ಬಣ್ಣ ಬದಲಾಗುವ ದ್ರಾವಣಗಳ ಕಿಟ್ ಇವುಗಳನ್ನು ಬೇರ್ಪಡಿಸಲಾರದು. ಅಣುತೂಕವನ್ನಷ್ಟೇ ಅಳೆಯುವ ಉಪಕರಣವೂ ಬೇರ್ಪಡಿಸಲಾರದು. ಖಚಿತವಾಗಿ ಹೇಳಬೇಕಾದರೆ ಗುರುತು ದೃಢಪಟ್ಟ ಮಾದರಿಯೊಂದಿಗೆ ಹೋಲಿಸಿ ನೋಡಬೇಕು, ಇಲ್ಲವೇ ಅಣುವಿನಲ್ಲಿ ಯಾವ ಪರಮಾಣು ಎಲ್ಲಿ ಕೂತಿದೆ ಎಂಬುದನ್ನು ತೋರಿಸುವ ಎನ್‌ಎಂಆರ್ ಪರೀಕ್ಷೆ ಮಾಡಬೇಕು. ಆದ್ದರಿಂದ ಅಣುಸೂತ್ರವನ್ನು ಮುದ್ರಿಸಿದ್ದಾರೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಅದೂ ಅಲ್ಲದೆ, ಕೈಗೆ ಬಂದ ಪ್ರಮಾಣಪತ್ರ ಕೈಗೆ ಬಂದ ಪುಡಿಯದ್ದೇ ಎಂದು ಹೇಳುವವರು ಯಾರು? ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಮಾರಾಟಗಾರ ಎಂದು ಸರಕು ಕೈ ಬದಲಿಸುವ ಪ್ರತಿ ಹಂತದಲ್ಲೂ ಚೀಟಿಯನ್ನು ಹೊಸದಾಗಿ ಅಂಟಿಸಲಾಗುತ್ತದೆ, ಕಾಗದ ಮಾತ್ರ ಹಳೆಯದೇ ಆಗಿರಬಹುದು.

ಇದು ಊಹೆಯಲ್ಲ ಎಂಬುದಕ್ಕೆ ಬ್ರಿಟನ್ನಿನ 2010ರ ಪ್ರಕರಣವನ್ನು ನೋಡಬಹುದು. ಆ ವರ್ಷದ ಏಪ್ರಿಲ್‌ನಲ್ಲಿ ಅಲ್ಲಿ ಮೆಫೆಡ್ರೋನ್ ನಿಷೇಧವಾಯಿತು. ಕೂಡಲೇ ಅದರ ಜಾಗಕ್ಕೆ ಎನ್‌ಆರ್‌ಜಿ-1 ಎಂಬ ‘ಕಾನೂನುಬದ್ಧ’ ಪುಡಿ ಬಂತು. ಅದು ನಾಫೈರೋನ್ ಎಂಬ ಬೇರೆಯೇ ವಸ್ತು ಎಂಬುದು ಎಲ್ಲರ ನಂಬಿಕೆಯಾಗಿತ್ತು. ಸಂಶೋಧಕರು ಅಂತರ್ಜಾಲದ ಮಾರಾಟಗಾರರಿಂದಲೇ ಪೊಟ್ಟಣಗಳನ್ನು ಕೊಂಡು ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಸಿಕ್ಕಿದ್ದು ಆಗಷ್ಟೇ ನಿಷೇಧಗೊಂಡಿದ್ದ ಕ್ಯಾಥಿನೋನ್‌ಗಳ ಮಿಶ್ರಣ. ನಿಷೇಧದಿಂದ ಮಾರಾಟವಾಗದೆ ಉಳಿದ ದಾಸ್ತಾನಿಗೆ ಹೊಸ ಹೆಸರು ಕೊಟ್ಟು ಖಾಲಿ ಮಾಡುತ್ತಿದ್ದರು ಎಂಬುದೇ ಇದಕ್ಕೆ ಸಹಜವಾದ ವಿವರಣೆ. ಹೀಗೆ ಕಾನೂನು ಮೀರುತ್ತಿಲ್ಲ ಎಂದುಕೊಂಡು ಕೊಂಡವರ ಕೈಯಲ್ಲಿದ್ದದ್ದು ನಿಷೇಧಿತ ವಸ್ತು. ಆದರೆ ಹೆಚ್ಚಿನ ಅಪಾಯ ಇದರ ವಿರುದ್ಧ ದಿಕ್ಕಿನಲ್ಲಿತ್ತು. ನಾಫೈರೋನ್‌ನ ತೀವ್ರತೆ ಮೆಫೆಡ್ರೋನ್‌ಗಿಂತ ಬಹಳ ಹೆಚ್ಚು. ಹತ್ತು ಬಾರಿ ಮೆಫೆಡ್ರೋನ್ ತುಂಬಿದ ಎನ್‌ಆರ್‌ಜಿ-1 ಸಿಕ್ಕವರು ಅದೇ ಅಳತೆಯನ್ನು ರೂಢಿಸಿಕೊಂಡಿರುತ್ತಾರೆ. ಹನ್ನೊಂದನೆಯ ಪೊಟ್ಟಣದಲ್ಲಿ ಚೀಟಿ ಹೇಳಿದ ವಸ್ತುವೇ ಇದ್ದರೆ, ಆ ನಿಜವೇ ಅವರಿಗೆ ಮುಳುವಾಗುತ್ತದೆ.

ಹೆಸರು ಅದಲುಬದಲಾದರೆ ಆಗುವುದೇನು ಎಂಬುದಕ್ಕೆ ರಿಸರ್ಚ್ ಕೆಮಿಕಲ್ ಜಗತ್ತಿನದೇ ಉದಾಹರಣೆ 2009ರದು. 2ಸಿ-ಬಿ-ಫ್ಲೈ ಎಂಬ ಭ್ರಮಾಜನಕ ವಸ್ತುವಿನ ಚೀಟಿ ಹೊತ್ತು ಮಾರಾಟವಾದ ಒಂದು ತಯಾರಿಯಲ್ಲಿ ಇದ್ದದ್ದು ಬ್ರೋಮೋ-ಡ್ರ್ಯಾಗನ್‌ಫ್ಲೈ ಎಂಬ ಇನ್ನೊಂದು ಭ್ರಮಾಜನಕ. ಮೊದಲನೆಯ ಅಣುವಿನ ಉಂಗುರಗಳಿಂದ ನಾಲ್ಕು ಹೈಡ್ರೋಜನ್ ತೆಗೆದು ಬಾಲಕ್ಕೆ ಒಂದು ಮೀಥೈಲ್ ಸೇರಿಸಿದರೆ ಎರಡನೆಯದಾಗುತ್ತದೆ. ಕಾಗದದ ಮೇಲೆ ಇಷ್ಟು ಸಣ್ಣದಾಗಿ ಕಾಣುವ ವ್ಯತ್ಯಾಸದಿಂದ ತೀವ್ರತೆ ಹತ್ತಾರು ಪಟ್ಟು ಏರುತ್ತದೆ, ಪರಿಣಾಮ ತೋರಲು ಗಂಟೆಗಟ್ಟಲೆ ಬೇಕಾಗುತ್ತದೆ, ರಕ್ತನಾಳಗಳು ಕೈಕಾಲಿನ ತುದಿಗೆ ರಕ್ತ ಹರಿಯದಷ್ಟು ಬಿಗಿಯಾಗಬಹುದು. ಏನೂ ಆಗಲಿಲ್ಲವಲ್ಲ ಎಂದು ಮತ್ತೊಮ್ಮೆ ತೆಗೆದುಕೊಳ್ಳುವುದಕ್ಕೆ ಆ ಕಾಯುವಿಕೆಯೇ ದಾರಿ ಮಾಡಿಕೊಡುತ್ತದೆ. ಆ ತಪ್ಪು ಚೀಟಿಯಿಂದ ಡೆನ್ಮಾರ್ಕಿನಲ್ಲೂ ಅಮೆರಿಕದಲ್ಲೂ ಸಾವುಗಳಾದವು.

ಹೆಸರು ಸರಿಯಾಗಿಯೇ ಇದ್ದರೂ ಬೆರಕೆಯ ಸಮಸ್ಯೆ ಉಳಿಯುತ್ತದೆ. ಎಂಡಿಪಿವಿಯಂತಹ ತೀವ್ರ ವಸ್ತುವನ್ನು ಬೇರೆ ಪುಡಿಯೊಂದಿಗೆ ಬೆರೆಸಿ ಮಾರುತ್ತಾರೆ. ಔಷಧ ಕಾರ್ಖಾನೆಯಲ್ಲಿ ಮಿಶ್ರಣದ ಹಲವು ಜಾಗಗಳಿಂದ ಮಾದರಿ ತೆಗೆದು ಎಲ್ಲೆಡೆ ಸಮನಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಇಲ್ಲಿ ಆ ಹಂತವೇ ಇಲ್ಲ. ಹಾಗಾಗಿ ಒಂದೇ ಪೊಟ್ಟಣದ ಎರಡು ಚಿಟಿಕೆಗಳು ಕೂಡ ಒಂದೇ ಅಲ್ಲ. ಒಂದು ಮೂಲೆಯಿಂದ ತೆಗೆದು ಪರೀಕ್ಷೆಗೆ ಕಳುಹಿಸಿದ ಚೂರು ಉಳಿದ ಪುಡಿಯ ಬಗ್ಗೆ ಖಾತರಿ ಕೊಡಲಾರದು.

ಯಾರೂ ನೇರವಾಗಿ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಆಸ್ಪತ್ರೆಗೆ ಹೋದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯಲ್ಲವೇ? ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ತುರ್ತು ವಿಭಾಗದ ಮೂತ್ರ ಪರೀಕ್ಷೆ ಕೆಲವು ಹಳೆಯ ವಸ್ತುಗಳ ಆಕಾರವನ್ನು ಗುರುತಿಸುವ ಪ್ರತಿಕಾಯಗಳನ್ನು ಅವಲಂಬಿಸಿದೆ. ಹೊಸ ಅಣುಗಳು ಅದರ ಕಣ್ಣು ತಪ್ಪಿಸುತ್ತವೆ. ಖಚಿತ ವಿಶ್ಲೇಷಣೆ ವಿಶೇಷ ಪ್ರಯೋಗಾಲಯದಿಂದ ಬರಬೇಕು, ಅದು ಬರುವ ಹೊತ್ತಿಗೆ ಚಿಕಿತ್ಸೆಯ ನಿರ್ಣಾಯಕ ಗಂಟೆಗಳು ಕಳೆದಿರುತ್ತವೆ. ಆದ್ದರಿಂದ ವೈದ್ಯರು ಹೆಸರಿಗಾಗಿ ಕಾಯದೆ ಲಕ್ಷಣಗಳಿಗೆ ಚಿಕಿತ್ಸೆ ಕೊಡುತ್ತಾರೆ: ಉದ್ರೇಕವನ್ನು ಮತ್ತು ಸೆಳವನ್ನು ತಗ್ಗಿಸಲು ಬೆಂಜೊಡಯಜೆಪೀನ್ ವರ್ಗದ ಔಷಧ, ಏರಿದ ಮೈಬಿಸಿಯನ್ನು ವೇಗವಾಗಿ ಇಳಿಸುವ ಕ್ರಮ, ಸ್ನಾಯುಗಳು ನಾಶವಾಗಿ ಮೂತ್ರಪಿಂಡ ಕೆಡದಂತೆ ರಕ್ತನಾಳದ ಮೂಲಕ ದ್ರವ. ಸುಡುವ ಮೈ, ಹಿಡಿತಕ್ಕೆ ಸಿಗದ ಉದ್ರೇಕ, ಎದೆನೋವು, ಸೆಳವು ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾಯಬಾರದು. ಜೊತೆಗೆ ಹೋಗುವವರು ಉಳಿದ ಪುಡಿಯನ್ನು ಪೊಟ್ಟಣಸಹಿತ ಕೊಂಡೊಯ್ಯಲಿ. ಚೀಟಿಯ ಮೇಲಿನ ಹೆಸರನ್ನು ವೈದ್ಯರಿಗೆ ಹೇಳುವಾಗ ‘ಇದನ್ನು ತೆಗೆದುಕೊಂಡಿದ್ದಾರೆ’ ಎನ್ನದೆ ‘ಈ ಹೆಸರಿನಲ್ಲಿ ಮಾರಿದ್ದನ್ನು ತೆಗೆದುಕೊಂಡಿದ್ದಾರೆ’ ಎನ್ನಲಿ. ಎಷ್ಟು ಹೊತ್ತಾಯಿತು, ಎಷ್ಟು ಬಾರಿ, ಮದ್ಯವನ್ನೋ ಬೇರೆ ಮಾತ್ರೆಯನ್ನೋ ಜೊತೆಗೆ ತೆಗೆದುಕೊಂಡರೇ ಎಂಬುದನ್ನೂ ಮುಚ್ಚಿಡದೆ ತಿಳಿಸಲಿ.