ರೆಫರೆನ್ಸ್ ಕೇಳಿದ್ದಾರೆ, ಈಗಿನ ಮ್ಯಾನೇಜರ್‌ಗೆ ಗೊತ್ತಿಲ್ಲ: ಯಾರ ಹೆಸರು ಕೊಡಲಿ?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಗದಗದಲ್ಲಿ ಎರಡು ವರ್ಷ ಇದ್ದೆ. ಬೆಂಗಳೂರಿನ ಕಂಪನಿಯೊಂದರ ಇಂಟರ್‌ವ್ಯೂ ಮುಗಿದಿದೆ, ರಿಕ್ರೂಟರ್ ಈಗ ಮೂರು ರೆಫರೆನ್ಸ್ ಕಳಿಸಿ ಎಂದಿದ್ದಾರೆ. ಈಗಿನ ಮ್ಯಾನೇಜರ್‌ಗೆ ವಿಷಯ ಗೊತ್ತಿಲ್ಲ. ಸೋದರಮಾವ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರ ಹೆಸರು ಕೊಡಬಹುದಾ?

ಉತ್ತರ: ಮಾವನನ್ನು ಬಿಡಿ. ಹುದ್ದೆ ಎಷ್ಟು ದೊಡ್ಡದಿದ್ದರೂ ಅವರು ನಿಮ್ಮ ಕೆಲಸ ಕಂಡವರಲ್ಲ. ರಿಕ್ರೂಟರ್ ಕೇಳುವುದು ನೀವು ಏನು ಮಾಡುತ್ತಿದ್ದಿರಿ, ಎಲ್ಲಿ ಎಡವುತ್ತಿದ್ದಿರಿ, ನಿಮ್ಮನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರಾ ಅಂತ. ಇದಕ್ಕೆ ಮಾವ ಏನು ಹೇಳಿಯಾರು?

ಮೊದಲ ಹೆಸರು ಗದಗದ ಹಳೆ ಮ್ಯಾನೇಜರ್‌ದು. ಎರಡನೆಯದು, ಈಗಿನ ಫ್ಯಾಕ್ಟರಿಯಲ್ಲಿ ನಿಮ್ಮ ಮೇಲೆ ಇದ್ದು ಈಗಾಗಲೇ ಕೆಲಸ ಬಿಟ್ಟು ಹೋದ ಹಿರಿಯರು ಯಾರಾದರೂ ಇದ್ದರೆ ಅವರದು. ಮೂರನೆಯದಕ್ಕೆ ಆಡಿಟರ್ ಆಗಬಹುದು, ವರ್ಷವರ್ಷ ನಿಮ್ಮ ಲೆಕ್ಕ ತಿದ್ದಿದವರು ಅವರೇ ಅಲ್ವಾ? ಆದರೆ ಈಗಿನ ಫ್ಯಾಕ್ಟರಿಯ ಆಡಿಟರ್ ಬೇಡ. ಅವರಿಗೂ ನಿಮ್ಮ ಮಾಲೀಕರಿಗೂ ದಿನಾ ಮಾತುಕತೆ ಇರುತ್ತದೆ, ಹುಬ್ಬಳ್ಳಿ ಅಷ್ಟು ದೊಡ್ಡ ಊರೂ ಅಲ್ಲ. ಗದಗದ ಆಡಿಟರನ್ನೇ ಕೇಳಿ.

ಹೆಸರು ಕಳಿಸುವ ಮುಂಚೆ ಅವರ ಒಪ್ಪಿಗೆ ತೆಗೆದುಕೊಳ್ಳಿ. ನಾನು ಒಮ್ಮೆ ಹೇಳದೆ ಕೇಳದೆ ಹಳೆ ಬಾಸ್ ನಂಬರ್ ಕೊಟ್ಟಿದ್ದೆ. ಅಪರಿಚಿತ ನಂಬರ್ ಅಂತ ಅವರು ಎರಡು ಸಲ ಫೋನ್ ಎತ್ತಲಿಲ್ಲ. ಮೂರನೇ ಸಲ ಎತ್ತಿ, "ಹೌದು, ಇದ್ದ ಅನ್ನಸ್ತದ" ಎಂದು ಇಟ್ಟರಂತೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಅದಕ್ಕೇ ಮೊದಲು ಇಷ್ಟು ಕಳಿಸಿ:

"ಸರ್, ನಮಸ್ಕಾರ್ರೀ. ಬೆಂಗಳೂರಿನ ಒಂದು ಕಂಪನಿಯೊಳಗ ಅಕೌಂಟ್ಸ್ ಕೆಲಸಕ್ಕ ಇಂಟರ್‌ವ್ಯೂ ಆಗೇದ್ರಿ. ರೆಫರೆನ್ಸ್ ಕೇಳ್ಯಾರ. ನಿಮ್ಮ ಹೆಸರು, ನಂಬರ್ ಕೊಡ್ಲೇನ್ರಿ? ಇಲ್ಲಿ ಫ್ಯಾಕ್ಟರಿಯೊಳಗ ಇನ್ನೂ ಯಾರಿಗೂ ಹೇಳಿಲ್ರಿ."

"ಕೊಡು" ಎಂದರೆ ಸರಿ. "ನೋಡೋಣು" ಎಂದರೆ ಇಲ್ಲ ಅಂತಲೇ ತಿಳಿದು ಬೇರೆಯವರನ್ನು ಹುಡುಕಿ.

ಒಪ್ಪಿದವರ ಹೆಸರನ್ನು ರಿಕ್ರೂಟರ್‌ಗೆ ಬರೆಯುವಾಗ ಹುದ್ದೆ, ಕಂಪನಿ, ಫೋನ್, ಇ-ಮೇಲ್ ಇರಬೇಕು. ನಮ್ಮವರು ಎಡವುವುದು ಸಂಬಂಧದ ಸಾಲಿನಲ್ಲಿ. "ಹಳೆ ಸಹೋದ್ಯೋಗಿ" ಎಂದರೆ ಪಕ್ಕದ ಟೇಬಲ್‌ನವರೋ ಮ್ಯಾನೇಜರ್ರೋ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: "2019ರ ಜೂನ್‌ನಿಂದ 2021ರ ಮೇವರೆಗೆ ಗದಗದಲ್ಲಿ ನಾನು ನೇರವಾಗಿ ಇವರ ಕೈಕೆಳಗೆ ಕೆಲಸ ಮಾಡಿದೆ. ನನ್ನ ತಿಂಗಳ ಕ್ಲೋಸಿಂಗ್ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸವನ್ನು ಇವರೇ ನೋಡುತ್ತಿದ್ದರು. ಈಗ ಬೇರೆ ಕಂಪನಿಯಲ್ಲಿದ್ದಾರೆ." ಕೊನೆಯ ವಾಕ್ಯ ಬಿಡಬೇಡಿ. ಅದು ಇಲ್ಲದಿದ್ದರೆ ಹಳೆ ಕಂಪನಿಯ ಹೆಸರಿನ ಪಕ್ಕ ಜಿಮೇಲ್ ವಿಳಾಸ ಕಂಡು ಅವರಿಗೆ ಅನುಮಾನ ಬರುತ್ತದೆ. ತಿಂಗಳುಗಳು ರೆಸ್ಯೂಮೆ ಮತ್ತು ರಿಲೀವಿಂಗ್ ಲೆಟರ್‌ಗೆ ಹೊಂದಬೇಕು.

ಈಗಿನ ಮ್ಯಾನೇಜರ್ ವಿಷಯ ಮುಚ್ಚಿಡುವುದು ಬೇಡ, ಅದೇ ಮೇಲ್‌ನಲ್ಲಿ ಹೇಳಿಬಿಡಿ: "ನಾನು ಕೆಲಸ ಬದಲಿಸುವುದು ಈಗಿನ ಕಂಪನಿಗೆ ಗೊತ್ತಿಲ್ಲ. ದಯವಿಟ್ಟು ಸದ್ಯಕ್ಕೆ ಅಲ್ಲಿ ಯಾರನ್ನೂ ಸಂಪರ್ಕಿಸಬೇಡಿ. ಆಫರ್ ಲೆಟರ್ ಬಂದು ನಾನು ರಾಜೀನಾಮೆ ಕೊಟ್ಟ ಮೇಲೆ ಮ್ಯಾನೇಜರ್ ವಿವರ ಕೊಡುತ್ತೇನೆ." ರಿಕ್ರೂಟರ್‌ಗಳಿಗೆ ಇದು ಹೊಸದಲ್ಲ.

ಮೇಲ್ ಕಳಿಸಿದ ದಿನವೇ ರೆಫರೆನ್ಸ್ ಕೊಡುವವರಿಗೆ ಎರಡನೇ ಮೆಸೇಜ್ ಹೋಗಲಿ. ಅದರಲ್ಲಿ ಫೋನ್ ಮಾಡುವವರ ಹೆಸರು, ಕಂಪನಿ, ಗೊತ್ತಿದ್ದರೆ ನಂಬರ್ ಇರಲಿ. ಆಮೇಲೆ ನೆನಪಿಗೆ ಒಂದೆರಡು ಸಾಲು:

"ನಾನು ನಿಮ್ಮ ಕಡೆ 2019 ಜೂನ್‌ನಿಂದ 2021 ಮೇತನಕ ಇದ್ದೆ ನೋಡ್ರಿ. ಟ್ಯಾಲಿಯೊಳಗ ಹಳೇ ಸ್ಟಾಕ್ ಲೆಕ್ಕ ಕೂಡತಿರಲಿಲ್ಲ, ಅದನ್ನ ಕೂಡಿಸಿ ಕೊಟ್ಟಿದ್ದೆ. ಈ ಕೆಲಸದೊಳಗೂ ಸ್ಟಾಕ್ ಲೆಕ್ಕನ ಮುಖ್ಯ ಅದ್ರಿ. ನಿಮಗ ಯಾವಾಗ ಮಾತಾಡಾಕ ಅನುಕೂಲ ಹೇಳ್ರಿ, ಅವರಿಗೆ ತಿಳಸ್ತೀನಿ."

ಇಷ್ಟೇ ಸಾಕು. ಏನು ಹೇಳಬೇಕು ಅಂತ ಬರೆದು ಕೊಡಬೇಡಿ, ಮೂವರೂ ಒಂದೇ ಮಾತು ಒಪ್ಪಿಸಿದರೆ ಫೋನಿನ ಆ ಕಡೆಯವರಿಗೆ ತಿಳಿಯುತ್ತದೆ. ಸಮಯ ಕೇಳುವುದು ಸುಮ್ನೆ ಔಪಚಾರಿಕತೆಗಲ್ಲ. ಅಕೌಂಟ್ಸ್‌ನವರಿಗೆ ತಿಂಗಳ 20ರ ಆಸುಪಾಸು, ಅಂದರೆ ಜಿಎಸ್‌ಟಿಆರ್-3ಬಿ ಕಟ್ಟುವ ದಿನಗಳಲ್ಲಿ, ಮಾತಾಡಲು ಪುರಸೊತ್ತು ಇರುವುದಿಲ್ಲ. ಹಿಂದಿ, ಇಂಗ್ಲಿಷ್‌ಗಿಂತ ಕನ್ನಡದಲ್ಲೇ ಚೆನ್ನಾಗಿ ಮಾತಾಡುವವರಾದರೆ ಅದನ್ನೂ ರಿಕ್ರೂಟರ್‌ಗೆ ತಿಳಿಸಿ. ಬೆಂಗಳೂರಿನ ಕಂಪನಿ, ಕನ್ನಡ ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ನಾಲ್ಕು ದಿನವಾದರೂ ಯಾರಿಗೂ ಫೋನ್ ಬಾರದಿದ್ದರೆ ರಿಕ್ರೂಟರ್‌ಗೆ ಒಂದು ಸಾಲು ಬರೆದು, ಯಾರಾದರೂ ಸಿಗಲಿಲ್ಲವೇ ಎಂದು ಕೇಳಿ.